ಗ್ರಾಫ್ ಸ್ಲೈಡನ್ನು ಮಾತಿನಲ್ಲಿ ಹೇಳುವುದು: ಕನ್ನಂಬಾಡಿ ಕಟ್ಟೆಯ ನೀರು ಮತ್ತು ಕಬ್ಬಿನ ದರ

(ಮಂಡ್ಯ ಜಿಲ್ಲೆಯ ರೈತರ, ನೀರು ಬಳಕೆದಾರರ, ಸಹಕಾರ ಸಂಘಗಳ ಸಭೆಗಳಲ್ಲಿ ಸ್ಲೈಡ್ ತೋರಿಸಿ ಮಾತನಾಡುವವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಭೆಗಳಲ್ಲಿ ಪರದೆಯ ಮೇಲೆ ಗ್ರಾಫ್ ಬಂದ ಕೂಡಲೇ ಕೇಳಿಬರುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: "ಇಲ್ಲಿ ನೋಡಿ, ಹೇಗೆ ಏರಿದೆ ಅಂತ ನಿಮಗೇ ಕಾಣುತ್ತೆ." ಹಿಂದಿನ ಸಾಲಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಒಂದು ನೀಲಿ ಗೆರೆ ಮಾತ್ರ. ಅದರ ಪಕ್ಕದ ಅಂಕಿಗಳು ಇರುವೆ ಸಾಲಿನಂತೆ ಮಸುಕಾಗಿರುತ್ತವೆ, ಯಾಕೆಂದರೆ ಆ ಗ್ರಾಫ್ ಯಾವುದೋ ವರದಿಯ ಪುಟದಿಂದ ಚಿತ್ರವಾಗಿ ಕತ್ತರಿಸಿ ಅಂಟಿಸಿದ್ದು. ಆದ್ದರಿಂದ ಗ್ರಾಫ್ ಹೇಳಬೇಕಾದದ್ದನ್ನೆಲ್ಲ ನಿಮ್ಮ ಮಾತೇ ಹೇಳಬೇಕಾಗುತ್ತದೆ. ಇವತ್ತು ಎರಡೇ ಎರಡು ಸ್ಲೈಡ್ ಇಟ್ಟುಕೊಳ್ಳೋಣ. ಒಂದು ಕೃಷ್ಣರಾಜಸಾಗರದ ನೀರಿನ ಮಟ್ಟದ ಗೆರೆ ಗ್ರಾಫ್, ಇನ್ನೊಂದು ಕಬ್ಬಿನ ದರದ ಕಂಬ ಗ್ರಾಫ್. ನಮ್ಮ ಜಿಲ್ಲೆಯಲ್ಲಿ ಈ ಎರಡನ್ನು ತೋರಿಸದ ಸಭೆ ಕಡಿಮೆ.

ಮೊದಲು ನೀರಿನ ಮಟ್ಟ. ಗೆರೆ ಏರಿತೋ ಇಳಿಯಿತೋ ಎನ್ನುವುದಕ್ಕೆ ಮುಂಚೆ ಮೂರು ಸಂಗತಿ ಹೇಳಿಬಿಡಬೇಕು: ಅಳೆದದ್ದು ಏನು, ಯಾವ ಅಳತೆಯಲ್ಲಿ, ಯಾವತ್ತಿನಿಂದ ಯಾವತ್ತಿನವರೆಗೆ. ಕನ್ನಂಬಾಡಿ ಕಟ್ಟೆಯ ಗ್ರಾಫಿನಲ್ಲಿ ಲಂಬ ಗೆರೆಯ ಮೇಲಿರುವುದು ಅಡಿ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಆಗ ನಿಲ್ಲುವ ನೀರು 49.452 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಅಡಿ ಎತ್ತರದ ಅಳತೆ, ಟಿಎಂಸಿ ನೀರಿನ ಪ್ರಮಾಣದ ಅಳತೆ. ಈ ಎರಡನ್ನು ಒಂದೇ ಎಂದುಕೊಂಡು ಮಾತಾಡಿದಾಗ ಆಗುವ ಎಡವಟ್ಟು ಸಣ್ಣದಲ್ಲ.

ನೀರು 100 ಅಡಿಗೆ ಬಂದಿದೆ ಎಂದುಕೊಳ್ಳಿ. 124.80ರಲ್ಲಿ 100 ಅಂದರೆ ನೂರಕ್ಕೆ ಎಂಬತ್ತು. ಗ್ರಾಫಿನ ಮೇಲೂ ಗೆರೆ ತುದಿಯ ಹತ್ತಿರ ಬಂದಂತೆ ಕಾಣುತ್ತದೆ. "ಕಟ್ಟೆ ನೂರಕ್ಕೆ ಎಂಬತ್ತು ತುಂಬಿದೆ" ಎಂದು ಹೇಳಿಬಿಡುವುದು ಬಹಳ ಸುಲಭ. ಆದರೆ 100 ಅಡಿಯಲ್ಲಿ ಕಟ್ಟೆಯಲ್ಲಿರುವ ನೀರು ಸುಮಾರು 23 ಟಿಎಂಸಿ. ಅದು ಒಟ್ಟು ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಜಲಾಶಯವು ತಳ ಕಿರಿದಾಗಿ ಬಾಯಿ ಅಗಲವಾದ ಬೋಗುಣಿಯ ಹಾಗೆ ಇರುವುದೇ ಇದಕ್ಕೆ ಕಾರಣ. ಕೆಳಗಿನ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ನೀರು ಹೆಚ್ಚು ಹಿಡಿಯುತ್ತದೆ. 90 ಅಡಿಯಲ್ಲಿ ಸುಮಾರು 16 ಟಿಎಂಸಿ ಇರುವುದರಿಂದ, 90ರಿಂದ 100ರವರೆಗಿನ ಹತ್ತು ಅಡಿಗೆ ಸಿಗುವುದು ಸುಮಾರು 7 ಟಿಎಂಸಿ, ಅಂದರೆ ಅಡಿಗೆ 0.7. ನೂರರ ಮೇಲಿನ 24.80 ಅಡಿಗೆ ಸಿಗುವುದು ಇಪ್ಪತ್ತಾರೂವರೆ ಟಿಎಂಸಿಯಷ್ಟು, ಸರಾಸರಿ ಅಡಿಗೆ ಒಂದಕ್ಕಿಂತ ತುಸು ಹೆಚ್ಚು.

ಇದನ್ನು ಸಭೆಯಲ್ಲಿ ಲೆಕ್ಕ ಸಮೇತ ಬಿಡಿಸಬೇಕಾಗಿಲ್ಲ. ಆದರೆ ಒಂದು ವಾಕ್ಯ ಹೇಳಲೇಬೇಕು: "ಇದು ಮಟ್ಟದ ಗ್ರಾಫ್. 100 ಅಡಿ ಇದ್ದಾಗ ನೀರು ಅರ್ಧಕ್ಕಿಂತ ಕಡಿಮೆ ಇರುತ್ತದೆ." ಇದನ್ನು ಸ್ಲೈಡಿನ ಆರಂಭದಲ್ಲೇ ಹೇಳಿದರೆ ಮುಂದೆ ಏನು ಹೇಳಿದರೂ ಜನ ಸರಿಯಾಗಿ ಗ್ರಹಿಸುತ್ತಾರೆ. ಕೊನೆಯಲ್ಲಿ ಹೇಳಿದರೆ ಅಷ್ಟರಲ್ಲಿ "ಎಂಬತ್ತು ಭಾಗ ತುಂಬಿದೆ" ಎಂಬುದು ಕೂತವರ ತಲೆಯಲ್ಲಿ ಕೂತಿರುತ್ತದೆ.

ಏರಿಕೆಯ ವೇಗಕ್ಕೆ ಬರೋಣ. ಅಭ್ಯಾಸಕ್ಕೆಂದು ಒಂದು ಗೆರೆಯನ್ನು ಕಲ್ಪಿಸಿಕೊಳ್ಳೋಣ. ಈ ದಿನಾಂಕಗಳು ಯಾವ ನಿಜವಾದ ವರ್ಷದವೂ ಅಲ್ಲ. ಜೂನ್ 1ಕ್ಕೆ 90 ಅಡಿ. ಜುಲೈ 10ಕ್ಕೆ 100 ಅಡಿ. ಆಗಸ್ಟ್ 5ಕ್ಕೆ 124.80 ಅಡಿ. ಅಲ್ಲಿಂದ ಆಗಸ್ಟ್ ಕೊನೆಯವರೆಗೆ ಗೆರೆ ಮಟ್ಟಸ. ಇಂಥ ಗೆರೆಯನ್ನು "ಜೂನ್‌ನಿಂದ ಆಗಸ್ಟ್‌ವರೆಗೆ ಏರಿಕೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಇರುವ ಸಂಗತಿಯೇ ಕಳೆದುಹೋಗುತ್ತದೆ. ಗೆರೆ ಬಾಗುವ ಜಾಗಗಳಲ್ಲಿ ಅದನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಶುರುವಿನ ಅಂಕಿ, ಕೊನೆಯ ಅಂಕಿ, ಹಿಡಿದ ದಿನ ಹೇಳಬೇಕು. ಇಲ್ಲಿ ಮೂರು ತುಂಡು. ಮೊದಲ 39 ದಿನದಲ್ಲಿ ಹತ್ತು ಅಡಿ, ಮುಂದಿನ 26 ದಿನದಲ್ಲಿ 24.80 ಅಡಿ, ಕೊನೆಗೆ ಸಮ.

ಈಗ ಮೊದಲೆರಡು ತುಂಡುಗಳನ್ನು ಹೋಲಿಸಿ. ಅಡಿಯ ಲೆಕ್ಕದಲ್ಲಿ ಎರಡನೆಯ ತುಂಡು ಮೊದಲನೆಯದಕ್ಕಿಂತ ನಾಲ್ಕು ಪಟ್ಟಿನ ಹತ್ತಿರ ಕಡಿದು. ಟಿಎಂಸಿಯ ಲೆಕ್ಕಕ್ಕೆ ತಂದರೆ 39 ದಿನದಲ್ಲಿ 7, ಆಮೇಲೆ 26 ದಿನದಲ್ಲಿ ಇಪ್ಪತ್ತಾರೂವರೆ. ನೀರು ಸೇರಿದ ವೇಗ ಐದೂವರೆ ಪಟ್ಟು ಮೀರಿತು. ಅಂದರೆ ಗೆರೆ ತೋರಿಸಿದ್ದಕ್ಕಿಂತ ನಿಜವಾದ ಬದಲಾವಣೆ ದೊಡ್ಡದು. ಇದೇ ಕಾರಣಕ್ಕೆ ಉಲ್ಟಾ ತಪ್ಪೂ ಆಗುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಇಡೀ ದಿನ 11,574 ಕ್ಯೂಸೆಕ್‌ನಂತೆ ನೀರು ನಿವ್ವಳವಾಗಿ ಸೇರಿದರೆ ಕಟ್ಟೆಗೆ ಒಂದು ಟಿಎಂಸಿ ಬಂದಂತೆ. ಆ ಒಂದು ಟಿಎಂಸಿ 90 ಅಡಿಯ ಮೇಲೆ ಬಿದ್ದರೆ ಮಟ್ಟ ಒಂದೂಕಾಲು ಅಡಿಗಿಂತ ಹೆಚ್ಚು ಏರುತ್ತದೆ. ಮೇಲಿನ ಹಂತದಲ್ಲಿ ಒಂದು ಅಡಿಯೂ ಏರುವುದಿಲ್ಲ. ಒಳಹರಿವು ಒಂದೇ ಸಮ ಇದ್ದರೂ ಗೆರೆ ಮೇಲೆ ಹೋದಂತೆ ಚಪ್ಪಟೆಯಾಗುತ್ತಾ ಬರುತ್ತದೆ. ಅದನ್ನು ನೋಡಿ "ಮಡಿಕೇರಿ ಕಡೆ ಮಳೆ ಕಡಿಮೆಯಾಯಿತು" ಎಂದು ವಿವರಿಸಿದರೆ ಇಲ್ಲದ ಕಾರಣವನ್ನು ಹುಟ್ಟಿಸಿದಂತಾಯಿತು. ಮಟ್ಟದ ಗೆರೆಯಿಂದ ಒಳಹರಿವನ್ನು ಊಹಿಸಬೇಡಿ. ದಿನದ ವರದಿಯಲ್ಲಿ ಒಳಹರಿವು, ಹೊರಹರಿವು ಎರಡೂ ಕ್ಯೂಸೆಕ್‌ನಲ್ಲಿ ಬೇರೆಯಾಗಿಯೇ ಬರುತ್ತವೆ; ಅವನ್ನೇ ನೋಡಿ ಹೇಳಿ.

ಮೂರನೆಯ ತುಂಡು, ಆ ಮಟ್ಟಸ ಗೆರೆ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದ್ದು. 124.80ರಲ್ಲಿ ಗೆರೆ ನಿಂತರೆ ನೀರು ಬರುವುದು ನಿಂತಿದೆ ಎಂದಲ್ಲ. ತುಂಬಿದ ಮೇಲೆ ಬಂದಷ್ಟನ್ನೂ ಹೊರಗೆ ಬಿಡುತ್ತಾರೆ. ಶ್ರೀರಂಗಪಟ್ಟಣದ ಬಳಿ ನದಿ ದಡ ಮುಳುಗುವಷ್ಟು ನೀರು ಹರಿಯುತ್ತಿರುವ ವಾರದಲ್ಲೂ ಈ ಗ್ರಾಫ್ ಶಾಂತವಾಗಿ ಒಂದೇ ಎತ್ತರದಲ್ಲಿ ಮಲಗಿರುತ್ತದೆ. ಮೇಲಿನ ಮಿತಿ ಇರುವ ಯಾವ ಅಳತೆಯೇ ಆಗಲಿ, ಗೆರೆ ಮಿತಿಯನ್ನು ಮುಟ್ಟಿದ ಮೇಲೆ ಅದು ಏನನ್ನೂ ಹೇಳುವುದಿಲ್ಲ. "ಇಲ್ಲಿಂದ ಮುಂದೆ ಈ ಗ್ರಾಫಿನಲ್ಲಿ ಸುದ್ದಿ ಇಲ್ಲ, ಹೊರಹರಿವಿನ ಗ್ರಾಫ್ ನೋಡಬೇಕು" ಎಂದು ಬಾಯಿಬಿಟ್ಟು ಹೇಳಿ.

ಹೋಲಿಕೆಗೆ ಬಂದರೆ, ಹೆಚ್ಚಿನ ಸ್ಲೈಡುಗಳಲ್ಲಿ ಎರಡು ಗೆರೆ ಇರುತ್ತವೆ: ಈ ವರ್ಷ, ಕಳೆದ ವರ್ಷ. "ಕಳೆದ ವರ್ಷ ಇದೇ ದಿನಕ್ಕಿಂತ ಇಷ್ಟು ಅಡಿ ಹೆಚ್ಚು" ಎಂಬ ವಾಕ್ಯ ತಪ್ಪಲ್ಲ, ಸಾಲದು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. 2024ರಲ್ಲಿ ಜುಲೈಯಲ್ಲಿ ತುಂಬಿತು. 2025ರಲ್ಲಿ ಜೂನ್ ಕೊನೆಗೇ ತುಂಬಿತು. 2024ರ ಗೆರೆಯನ್ನು 2023ರ ಪಕ್ಕ ಇಟ್ಟರೆ ಅದು ಅದ್ಭುತ ವರ್ಷ; ಅದೇ ಗೆರೆಯನ್ನು 2025ರ ಪಕ್ಕ ಇಟ್ಟರೆ ತಡವಾದ ವರ್ಷ. ಗೆರೆ ಬದಲಾಗಲಿಲ್ಲ, ಪಕ್ಕದಲ್ಲಿ ನಿಂತದ್ದು ಬದಲಾಯಿತು. ಆದ್ದರಿಂದ ಹೋಲಿಸುವ ವರ್ಷ ಎಂಥ ವರ್ಷ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು: "ಕಳೆದ ವರ್ಷಕ್ಕಿಂತ ಹೆಚ್ಚು, ಆದರೆ ಕಳೆದ ವರ್ಷ ಬರಗಾಲ." ಮೂರನೆಯ ಗೆರೆಯಾಗಿ ಹತ್ತು ವರ್ಷದ ಸರಾಸರಿ ಇದ್ದರೆ ಒಳ್ಳೆಯದೇ. ಆದರೆ ಸರಾಸರಿಯ ಗೆರೆ ಯಾವತ್ತೂ ನುಣುಪಾಗಿ, ನಿಧಾನವಾಗಿ ಏರುತ್ತದೆ, ಯಾಕೆಂದರೆ ಒಂದೊಂದು ವರ್ಷ ಒಂದೊಂದು ವಾರದಲ್ಲಿ ತುಂಬಿದ್ದು ಅದರಲ್ಲಿ ಬೆರೆತುಹೋಗಿರುತ್ತದೆ. ಯಾವ ಒಂದು ನಿಜವಾದ ವರ್ಷವೂ ಆ ಗೆರೆಯಂತೆ ನಡೆಯುವುದಿಲ್ಲ. ಈ ವರ್ಷದ ಗೆರೆ ಸರಾಸರಿಗಿಂತ ಒರಟಾಗಿದೆ ಎಂಬುದು ಸುದ್ದಿಯೇ ಅಲ್ಲ.

ಇನ್ನೊಂದು ಸಣ್ಣ ವಿಷಯ. ಎಡಕ್ಕೆ ಅಡಿ, ಬಲಕ್ಕೆ ಕ್ಯೂಸೆಕ್ ಇಟ್ಟು ಎರಡು ಗೆರೆ ಎಳೆದ ಗ್ರಾಫ್ ಸಿಕ್ಕರೆ, ಗೆರೆಗಳು ಒಂದನ್ನೊಂದು ದಾಟುವ ಜಾಗಕ್ಕೆ ಯಾವ ಅರ್ಥವೂ ಇಲ್ಲ. ಬಲಗಡೆಯ ಅಳತೆಯನ್ನು ಸ್ವಲ್ಪ ಹಿಗ್ಗಿಸಿದರೆ ದಾಟುವ ಜಾಗವೇ ಬೇರೆಯಾಗುತ್ತದೆ. ಅಂಥ ಗ್ರಾಫನ್ನು ಎರಡು ಸ್ಲೈಡ್ ಮಾಡುವುದೇ ಮೇಲು.

ಅಂಟಿಸಿದ ಚಿತ್ರದಿಂದ ಅಂಕಿ ತೆಗೆಯುವುದು

ಮೂಲ ಅಂಕಿ ಇಲ್ಲದೆ ಚಿತ್ರ ಮಾತ್ರ ಕೈಯಲ್ಲಿದ್ದಾಗ ಏನು ಮಾಡಬೇಕು? ಮೊದಲು ಚಿತ್ರ ಹಿಗ್ಗಿದೆಯೇ ನೋಡಿ. ಮೂಲೆ ಹಿಡಿಯುವ ಬದಲು ಬದಿ ಹಿಡಿದು ಎಳೆದರೆ ಅಗಲ ಮಾತ್ರ ಬದಲಾಗಿ ಗೆರೆಯ ಓರೆ ಬದಲಾಗುತ್ತದೆ. ಅಗಲ ಕುಗ್ಗಿಸಿದರೆ ಏರಿಕೆ ಕಡಿದಾಗಿ, ಹಿಗ್ಗಿಸಿದರೆ ಸಪಾಟಾಗಿ ಕಾಣುತ್ತದೆ. ಪವರ್‌ಪಾಯಿಂಟ್‌ನಲ್ಲಿ ಚಿತ್ರದ `Format Picture` ತೆರೆದು ಅಳತೆಯ ಭಾಗದಲ್ಲಿ `Scale Height`, `Scale Width` ಎರಡನ್ನೂ ನೋಡಿ. ಎರಡರ ಶೇಕಡಾ ಬೇರೆ ಬೇರೆ ಇದ್ದರೆ ಚಿತ್ರ ಹಿಗ್ಗಿದೆ ಎಂದೇ ಅರ್ಥ. ಅವನ್ನು ಒಂದೇ ಮಾಡಿ `Lock aspect ratio` ಗುರುತು ಹಾಕಿ.

ಆಮೇಲೆ ಚಿತ್ರವನ್ನು ಪೇಂಟ್‌ನಂಥ ಯಾವುದಾದರೂ ಸಾಧನದಲ್ಲಿ ತೆರೆಯಿರಿ. ಕರ್ಸರ್ ಇಟ್ಟ ಜಾಗದ ಪಿಕ್ಸೆಲ್ ಸಂಖ್ಯೆ ಕೆಳಗೆ ಕಾಣುತ್ತದೆ. ಎಣಿಕೆ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. 80 ಅಡಿಯ ಗುರುತು 620ರಲ್ಲಿದೆ, 120 ಅಡಿಯ ಗುರುತು 220ರಲ್ಲಿದೆ ಎಂದುಕೊಳ್ಳಿ. 40 ಅಡಿಗೆ 400 ಪಿಕ್ಸೆಲ್, ಅಡಿಗೆ ಹತ್ತು. ಗೆರೆಯ ಮೇಲಿನ ನಿಮಗೆ ಬೇಕಾದ ಬಿಂದು 345ರಲ್ಲಿದ್ದರೆ ಲೆಕ್ಕ ಹೀಗೆ:

```
120 - (345 - 220) / 10 = 107.5
```

ಇದನ್ನು 107.5 ಅಡಿ ಎಂದು ಹೇಳಬೇಡಿ. ಗೆರೆಯ ದಪ್ಪವೇ ಆರು ಪಿಕ್ಸೆಲ್ ಇದ್ದರೆ ಅದೊಂದೇ ಅರ್ಧ ಅಡಿಗಿಂತ ಹೆಚ್ಚು. "ಸುಮಾರು 107ರಿಂದ 108 ಅಡಿ, ಗ್ರಾಫಿನಿಂದ ಓದಿದ್ದು" ಎಂದರೆ ಸರಿ. ದಶಮಾಂಶ ಹಾಕಿದ ತಕ್ಷಣ ಅದು ಅಳತೆ ಪಟ್ಟಿಯಿಂದಲೇ ಬಂದ ಅಂಕಿ ಎಂದು ಜನ ನಂಬುತ್ತಾರೆ, ಬರೆದುಕೊಂಡೂ ಹೋಗುತ್ತಾರೆ.

ಕತ್ತರಿಸುವಾಗ ಗ್ರಾಫಿನ ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಬಿಟ್ಟುಬಿಡುವ ಅಭ್ಯಾಸ ಬಹಳ ಕಡೆ ಇದೆ. ನೀರಿನ ಗ್ರಾಫಿನಲ್ಲಿ ಆ ಸಾಲೇ ಮುಖ್ಯವಾಗಬಹುದು. ಸಂಗ್ರಹ ತೋರಿಸುವ ಗ್ರಾಫುಗಳಲ್ಲಿ ಕೆಲವು ಒಟ್ಟು ಸಂಗ್ರಹ ತೋರಿಸುತ್ತವೆ, ಕೆಲವು ಬಳಸಬಹುದಾದ ಸಂಗ್ರಹ ಮಾತ್ರ. ಕನ್ನಂಬಾಡಿಯಲ್ಲಿ ಒಟ್ಟು 49.452 ಟಿಎಂಸಿ, ಬಳಸಬಹುದಾದದ್ದು 45.05. ನಡುವಿನ ಸುಮಾರು 4.4 ಟಿಎಂಸಿ ತಳದ ನೀರು. ಒಂದು ಸ್ಲೈಡ್ ಒಂದು ಬಗೆ, ಮುಂದಿನ ಸ್ಲೈಡ್ ಇನ್ನೊಂದು ಬಗೆ ಆದರೆ, ಒಂದು ಹನಿಯೂ ಕಡಿಮೆಯಾಗದೆ ನಾಲ್ಕು ಟಿಎಂಸಿ ಮಾಯವಾದಂತೆ ಕಾಣುತ್ತದೆ.

ಕಬ್ಬಿನ ದರದ ಕಂಬಗಳು

ಎರಡನೆಯ ಸ್ಲೈಡ್. ಕೇಂದ್ರ ಸರ್ಕಾರ ಪ್ರತಿ ಸಕ್ಕರೆ ಹಂಗಾಮಿಗೆ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರ, ಎಫ್‌ಆರ್‌ಪಿ. ಹಂಗಾಮು ಅಕ್ಟೋಬರ್‌ನಿಂದ ಸೆಪ್ಟೆಂಬರ್. ಕ್ವಿಂಟಲ್‌ಗೆ 2023-24ರಲ್ಲಿ 315 ರೂಪಾಯಿ, 2024-25ರಲ್ಲಿ 340, 2025-26ರಲ್ಲಿ 355. ಮೂರು ಕಂಬ. ಗ್ರಾಫ್ ಮಾಡಿದವರು ಕೆಳಗಿನ ಗೆರೆಯನ್ನು 300ರಿಂದ ಶುರು ಮಾಡಿದ್ದಾರೆ ಎಂದುಕೊಳ್ಳಿ. ಆಗ ಕಂಬಗಳ ಎತ್ತರ 15, 40, 55ರ ಪ್ರಮಾಣದಲ್ಲಿರುತ್ತದೆ. ಕೊನೆಯ ಕಂಬ ಮೊದಲನೆಯದರ ಮೂರೂವರೆ ಪಟ್ಟಿಗಿಂತ ಎತ್ತರ. ನಿಜವಾದ ಏರಿಕೆ ಕ್ವಿಂಟಲ್‌ಗೆ 40 ರೂಪಾಯಿ, ಅಂದರೆ ಶೇ 12.7. ಗೆರೆ ಗ್ರಾಫ್ ಸೊನ್ನೆಯಿಂದ ಶುರುವಾಗದಿದ್ದರೂ ನಡೆಯುತ್ತದೆ, ಹೇಳಿದರೆ ಸಾಕು. ಅಲ್ಲಿ ಕಣ್ಣು ನೋಡುವುದು ಓರೆಯನ್ನು. ಕಂಬದಲ್ಲಿ ಕಣ್ಣು ಅಳೆಯುವುದು ಉದ್ದವನ್ನೇ. ಆದ್ದರಿಂದ ಕಂಬ ಸೊನ್ನೆಯಿಂದಲೇ ಏಳಬೇಕು. ಅಂಟಿಸಿದ ಚಿತ್ರವಾದ್ದರಿಂದ ತಿದ್ದಲು ಆಗದಿದ್ದರೆ ಈ ಮೂರು ಅಂಕಿಗಳಿಗೆ ಗ್ರಾಫೇ ಬೇಡ, ದೊಡ್ಡ ಅಕ್ಷರದ ಒಂದು ಪಟ್ಟಿ ಸಾಕು.

ಮಾತಿನಲ್ಲಿ ಹೇಳುವಾಗ ಕೇಳುವವರ ಅಳತೆಗೆ ತನ್ನಿ. ರೈತರು ಟನ್ ಲೆಕ್ಕದಲ್ಲಿ ಯೋಚಿಸುತ್ತಾರೆ. "ಎರಡು ಹಂಗಾಮಿನಲ್ಲಿ ಟನ್‌ಗೆ 3,150ರಿಂದ 3,550ಕ್ಕೆ, ಅಂದರೆ 400 ರೂಪಾಯಿ ಏರಿದೆ. ಮೊದಲ ವರ್ಷ 250 ಏರಿತು, ಎರಡನೆಯ ವರ್ಷ 150." ದರ ಏರಿದೆ, ಏರಿದ ಮೊತ್ತ ಇಳಿದಿದೆ. ಈ ಎರಡೂ ಒಟ್ಟಿಗೆ ನಿಜ. ಒಂದನ್ನು ಮಾತ್ರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ; ಸ್ಲೈಡ್ ತೋರಿಸುವವರು ಎರಡನ್ನೂ ಹೇಳಬೇಕು.

ಈಗ ನಿಜವಾದ ತೊಡಕು. 2025-26ರ 3,550 ರೂಪಾಯಿ ಸಿಗುವುದು ಸಕ್ಕರೆ ಇಳುವರಿ, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು, ಶೇ 10.25 ಇದ್ದರೆ. ಅದಕ್ಕಿಂತ ಕಡಿಮೆಯಾದ ಪ್ರತಿ 0.1ಕ್ಕೂ ಕ್ವಿಂಟಲ್‌ಗೆ 3.46 ರೂಪಾಯಿ ಕಡಿತ, ಶೇ 9.5ರವರೆಗೆ. ಅದಕ್ಕಿಂತ ಕೆಳಗೆ ಇಳುವರಿ ಎಷ್ಟೇ ಇಳಿದರೂ ದರ ಕ್ವಿಂಟಲ್‌ಗೆ 329.05ರಲ್ಲಿ ನಿಲ್ಲುತ್ತದೆ, ಟನ್‌ಗೆ 3,290 ರೂಪಾಯಿ 50 ಪೈಸೆ. ನಿಮ್ಮ ಕಾರ್ಖಾನೆಯ ಇಳುವರಿ 9.5ರ ಆಸುಪಾಸಿನಲ್ಲಿದ್ದರೆ ಸ್ಲೈಡಿನ ಕಂಬದ ಅಂಕಿ ನಿಮ್ಮ ಸಭೆಯಲ್ಲಿ ಕೂತ ಯಾರ ಕೈಗೂ ಬರುವ ಅಂಕಿಯಲ್ಲ. ಇದನ್ನು ಕಂಬ ತೋರಿಸುವಾಗಲೇ ಹೇಳದೆ ಅಡಿಟಿಪ್ಪಣಿಗೆ ತಳ್ಳಿದರೆ, ಮೊದಲು ಎದ್ದು ಕೇಳುವ ರೈತರ ಪ್ರಶ್ನೆಯೇ ಅದಾಗಿರುತ್ತದೆ. ಕಟಾವು ಮತ್ತು ಸಾಗಣೆ ವೆಚ್ಚದ ಮಾತೂ ಹಾಗೆಯೇ. ಎಫ್‌ಆರ್‌ಪಿ ಕಾರ್ಖಾನೆಯ ಬಾಗಿಲಿನ ದರ. ಕಾರ್ಖಾನೆಯವರೇ ಕಟಾವು ಮಾಡಿಸಿ ಸಾಗಿಸಿದರೆ ಆ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತಾರೆ.

ಹಿಂದಿನ ವರ್ಷಗಳಿಗೆ ಹೋದರೆ ತೊಡಕು ಇನ್ನೂ ಆಳವಾಗುತ್ತದೆ. 2017-18ರ ದರ 255 ರೂಪಾಯಿ. ಅಲ್ಲಿಂದ 355ಕ್ಕೆ ಅಂದರೆ ನೂರು ರೂಪಾಯಿ, ಶೇ 39ರ ಏರಿಕೆ. ಕಂಬಗಳೆಲ್ಲ ಒಂದೇ ಬಣ್ಣದಲ್ಲಿ ಸಾಲಾಗಿ ನಿಂತಿರುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆ 255 ರೂಪಾಯಿ ಶೇ 9.5ರ ಇಳುವರಿಗೆ. 2018-19ರಲ್ಲಿ ಆಧಾರ ಶೇ 10ಕ್ಕೆ ಏರಿತು, 2022-23ರಲ್ಲಿ 10.25ಕ್ಕೆ. ಅಳೆಯುವ ಕೋಲೇ ಎರಡು ಸಲ ಬದಲಾಗಿದೆ. ಒಂದೇ ಕೋಲಿನಲ್ಲಿ ಅಳೆಯಬೇಕಾದರೆ ಎರಡೂ ತುದಿಯಲ್ಲಿ 9.5ರ ಅಂಕಿ ತೆಗೆದುಕೊಳ್ಳಬೇಕು: 2017-18ರಲ್ಲಿ 255, 2025-26ರಲ್ಲಿ 329.05. ಏರಿಕೆ 74 ರೂಪಾಯಿ, ಶೇ 29. ಹತ್ತು ಶೇಕಡಾ ಅಂಶದ ವ್ಯತ್ಯಾಸ ಬಂದದ್ದು ರೈತರ ಹೊಲದಿಂದಲ್ಲ, ಲೆಕ್ಕದ ಆಧಾರದಿಂದ.

ಇದನ್ನು ಪತ್ತೆ ಮಾಡುವ ಬಗೆ ಕಷ್ಟದ್ದಲ್ಲ. ಹಲವು ವರ್ಷಗಳ ಯಾವುದೇ ಕಂಬ ಸಾಲು ಸಿಕ್ಕಾಗ ಮೊದಲ ವರ್ಷದ ಮತ್ತು ಕೊನೆಯ ವರ್ಷದ ಆದೇಶವನ್ನು ಪಕ್ಕಪಕ್ಕ ಇಟ್ಟು, ದರದ ಜೊತೆ ಬರೆದ ಷರತ್ತಿನ ಸಾಲನ್ನು ಹೋಲಿಸಿ. ಷರತ್ತು ಬೇರೆ ಇದ್ದರೆ ಕಂಬಗಳ ನಡುವೆ ಆ ವರ್ಷದಲ್ಲಿ ಒಂದು ನಿಂತ ಗೆರೆ ಎಳೆದು "ಇಲ್ಲಿಂದ ಆಧಾರ ಶೇ 10" ಎಂದು ಬರೆಯಿರಿ. ಬಾಯಲ್ಲೂ ಹೇಳಿ. ಹಣದುಬ್ಬರದ ಮಾತು ಇದರ ಮೇಲಿನದು. ಎಂಟು ವರ್ಷದ ಶೇ 29ರಲ್ಲಿ ಗೊಬ್ಬರ, ಕೂಲಿ, ಡೀಸೆಲ್ ಎಷ್ಟು ಏರಿತು ಎಂಬುದನ್ನು ಈ ಕಂಬಗಳು ಹೇಳುವುದಿಲ್ಲ, ಅಷ್ಟು ಹೇಳಿ ಮುಂದೆ ಹೋಗಬಹುದು.

ಬರೆದಿಟ್ಟುಕೊಳ್ಳುವ ಮಾತು

ಪ್ರತಿ ಗ್ರಾಫಿಗೂ ಹೇಳಬೇಕಾದದ್ದನ್ನು ಸ್ಲೈಡಿನ ಕೆಳಗಿನ ಟಿಪ್ಪಣಿ ಜಾಗದಲ್ಲಿ ಪೂರ್ತಿ ವಾಕ್ಯಗಳಲ್ಲಿ ಬರೆದಿಡಿ. ನೀರಿನ ಸ್ಲೈಡಿಗೆ, ಮೇಲಿನ ಕಲ್ಪಿತ ಅಂಕಿಗಳಿಂದಲೇ, ಹೀಗೆ ಬರೆಯಬಹುದು:

"ಇದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಅಡಿಗಳಲ್ಲಿ. ಎಡ ತುದಿ ಜೂನ್ 1, ಬಲ ತುದಿ ಆಗಸ್ಟ್ 31. ಕೆಳಗಿನ ಗೆರೆ ಸೊನ್ನೆ ಅಲ್ಲ, 80 ಅಡಿ. ಜೂನ್ 1ಕ್ಕೆ 90 ಅಡಿ ಇತ್ತು. ಜುಲೈ 10ರವರೆಗೆ ನಿಧಾನವಾಗಿ ಏರಿ 100 ಮುಟ್ಟಿತು. ಆಗಲೂ ಕಟ್ಟೆಯಲ್ಲಿದ್ದ ನೀರು ಅರ್ಧಕ್ಕಿಂತ ಕಡಿಮೆ. ಮುಂದಿನ 26 ದಿನದಲ್ಲಿ ಪೂರ್ತಿ ತುಂಬಿತು. ಆಮೇಲೆ ಗೆರೆ ಸಮವಾಗಿದೆ, ಯಾಕೆಂದರೆ ಬಂದ ನೀರನ್ನು ಹೊಳೆಗೆ ಬಿಟ್ಟಿದ್ದಾರೆ. ಕೆಳಗಿರುವ ಬೂದು ಗೆರೆ ಕಳೆದ ವರ್ಷದ್ದು. ಅದು ಮಳೆ ಕಡಿಮೆಯಾದ ವರ್ಷ."

ಗಟ್ಟಿಯಾಗಿ ಓದಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಎಚ್ಚರಿಕೆಯ ಮಾತುಗಳೆಲ್ಲ ತಾವು ಸಂಬಂಧಪಟ್ಟ ಅಂಕಿಯ ಬೆನ್ನಿಗೇ ಬಂದಿರುವುದನ್ನು ಗಮನಿಸಿ. ಕಣ್ಣು ಕಾಣದವರು ಸಭೆಯಲ್ಲಿದ್ದರೆ ಅವರಿಗೂ ಇಷ್ಟೇ ಸಾಕಾಗುತ್ತದೆ. ಸ್ಲೈಡ್ ಕಡತವನ್ನು ಹಂಚುವುದಾದರೆ ಇದನ್ನೇ ಚಿಕ್ಕದಾಗಿಸಿ ಚಿತ್ರದ `Alt Text` ಜಾಗದಲ್ಲಿ ಹಾಕಿ. ಅಲ್ಲಿ "ಗ್ರಾಫ್" ಎಂದಷ್ಟೇ ಬರೆದಿದ್ದರೆ ಪರದೆ ಓದುವ ತಂತ್ರಾಂಶ ಆ ಒಂದು ಪದವನ್ನೇ ಓದಿ ನಿಲ್ಲುತ್ತದೆ.

ಈ ಸ್ಲೈಡ್ ಮುಗಿದ ಕೂಡಲೇ ಬರುವ ಪ್ರಶ್ನೆ ನಿಮಗೆಲ್ಲ ಗೊತ್ತಿರುವುದೇ: "ಹಂಗಾದ್ರೆ ಸ್ವಾಮಿ, ಬೇಸಿಗೆ ಬೆಳೆಗೆ ನಾಲೆ ನೀರು ಬಿಡ್ತಾರಾ?" ಮಟ್ಟದ ಗೆರೆಯಲ್ಲಿ ಇದಕ್ಕೆ ಉತ್ತರ ಇಲ್ಲ. ವಿಶ್ವೇಶ್ವರಯ್ಯ ನಾಲೆಗೆ ಎಷ್ಟು ಕಟ್ಟು ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನಿಸುತ್ತಾರೆ. ಅದಕ್ಕೆ ಮುಂಚೆ ಬೆಂಗಳೂರು, ಮೈಸೂರು, ಮಂಡ್ಯದ ಕುಡಿಯುವ ನೀರು ಲೆಕ್ಕಕ್ಕೆ ಬರುತ್ತದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲು ಬಳಿ ತಮಿಳುನಾಡಿಗೆ ಹರಿಯಬೇಕಾದ 177.25 ಟಿಎಂಸಿಯ ಲೆಕ್ಕವೂ ಇದೆ, ಅದು ತಿಂಗಳುವಾರು ಹಂಚಿಕೆಯಾಗಿದೆ. ಹಾಗಾಗಿ ಉತ್ತರ ಹೀಗಿರಲಿ: "ಕಟ್ಟೆಯಲ್ಲಿ ಇವತ್ತು ಎಷ್ಟಿದೆ ಅನ್ನೋದನ್ನ ಈ ಗ್ರಾಫ್ ಹೇಳುತ್ತೆ. ಅದರಲ್ಲಿ ನಾಲೆಗೆ ಎಷ್ಟು ಅನ್ನೋದು ಸಮಿತಿ ಸಭೆ ಆದ ಮೇಲೆ ಗೊತ್ತಾಗುತ್ತೆ. ಅಲ್ಲೀವರೆಗೂ ಇದನ್ನ ನಂಬ್ಕೊಂಡು ಭತ್ತದ ಒಟ್ಲು ಹಾಕಬೇಡಿ."